ಕೆಟ್ಟದಾಗಿಲ್ಲವಂತೆ

ಪುಟ್ಟತ್ತೆಗೆ ಐವತ್ತು ದಾಟಿ ಅರ್ಧ ತಲೆ ಬೆಳ್ಳಗಾಗಿದ್ದರೂ ಹೆಸರಿಗೆ ಅಂಟಿದ ‘ಪುಟ್ಟ’ ಮಾತ್ರ ಉದುರಿರಲಿಲ್ಲ. ಅಣ್ಣನ ಮಗಳು ತೊದಲು ನಾಲಿಗೆಯಲ್ಲಿ ಕರೆದ ಹೆಸರು ಅದು. ಆಮೇಲೆ ಅಣ್ಣನೂ ಅತ್ತಿಗೆಯೂ ಅಕ್ಕಪಕ್ಕದವರೂ ಹಾಗೇ ಕರೆದರು. ಮನೆಯ ಹೊರಗೆ ಅವಳು ನ್ಯಾಯಾಲಯದ ದುಬಾಷಿ. ಕನ್ನಡ ಮಾತ್ರ ಬಲ್ಲ ಸಾಕ್ಷಿಯ ಮಾತನ್ನು ಇಂಗ್ಲಿಷಿಗೆ, ಇಂಗ್ಲಿಷ್ ಮಾತ್ರ ಬಲ್ಲ ವಕೀಲರ ಪ್ರಶ್ನೆಯನ್ನು ಕನ್ನಡಕ್ಕೆ ದಾಟಿಸುವುದು ಅವಳ ಕೆಲಸ.

ಆ ಕೆಲಸದಲ್ಲಿ ಅವಳು ಕಲ್ಲು. ಒಂದು ಮಾತು ಸೇರಿಸುವವಳಲ್ಲ, ಒಂದು ಮಾತು ನುಂಗುವವಳಲ್ಲ. ಸಾಕ್ಷಿ ‘ಕೆಂಪು ಗಾಡಿ ಅನ್ಸತ್ತೆ’ ಅಂದರೆ ಆ ‘ಅನ್ಸತ್ತೆ’ಯನ್ನು ಕೈಯಲ್ಲಿ ಹಿಡಿದು ಆಚೆ ದಡಕ್ಕೆ ಮುಟ್ಟಿಸುತ್ತಿದ್ದಳು. ಅದು ದಾರಿಯಲ್ಲಿ ಬಿದ್ದುಹೋದರೆ ಅನುಮಾನ ಖಚಿತವಾಗುತ್ತದೆ, ಯಾರೋ ಒಬ್ಬ ಜೈಲಿಗೆ ಹೋಗುತ್ತಾನೆ. ಇನ್ನೊಂದು ನೇಮವೂ ಅವಳಿಗಿತ್ತು: ಮಾತಾಡುವವರ ಮುಖ ನೋಡುವುದಿಲ್ಲ. ಮುಖ ನೋಡಿದರೆ ಅಯ್ಯೋ ಪಾಪ ಅನ್ನಿಸುತ್ತದೆ, ಇಲ್ಲವೇ ಮೈ ಉರಿಯುತ್ತದೆ, ಎರಡೂ ನಾಲಿಗೆಗೆ ಇಳಿಯುತ್ತವೆ. ಆದ್ದರಿಂದ ಮೇಜಿನ ಮರದಲ್ಲಿರುವ ಒಂದು ಗಂಟನ್ನು ನೋಡುತ್ತಾ ಕಿವಿಯನ್ನಷ್ಟೇ ತೆರೆದು ಕೂರುತ್ತಿದ್ದಳು.

ಅಣ್ಣ ಬಡಗಿ. ಉಳಿ ಹರಿತವೋ ನಾಲಿಗೆ ಹರಿತವೋ ಎಂದು ಕೇಳಿದರೆ ಅವನ ಹೆಂಡತಿಯೇ ತೀರ್ಪು ಕೊಡಲಾರಳು. ಮನಸ್ಸಿನಲ್ಲಿದ್ದುದನ್ನು ಅವನು ಯಾವತ್ತೂ ನೆಟ್ಟಗೆ ನಿಲ್ಲಿಸಿ ಹೇಳಿದವನಲ್ಲ, ತಲೆಕೆಳಗು ಮಾಡಿಯೇ ಹೇಳುವುದು. ಗಿರಾಕಿ ತಡವಾಗಿ ಬಂದರೆ ‘ದೊರೆಗಳು ಇಷ್ಟು ಬೇಗ ದಯಮಾಡಿಸಿಬಿಟ್ರಾ’. ಸಾರಿಗೆ ಉಪ್ಪು ಹೆಚ್ಚಾದರೆ ‘ಸಮುದ್ರವೇ ಮನೆಗೆ ಬಂತು, ನಮ್ಮ ಭಾಗ್ಯ’. ಅವನು ಯಾರನ್ನಾದರೂ ಸಿಂಹಾಸನದ ಮೇಲೆ ಕೂರಿಸಿದನೆಂದರೆ ಅದರ ಕಾಲನ್ನು ಆಗಲೇ ಗರಗಸದಿಂದ ಕೊಯ್ದಿಟ್ಟಿದ್ದಾನೆ ಎಂದೇ ಅರ್ಥ. ಮಗಳನ್ನು ‘ನೀವು’ ಎಂದು ಕರೆದ ದಿನ ಅವಳು ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ.

ಆ ಮಗಳು ಒಬ್ಬ ಹುಡುಗನನ್ನು ಮೆಚ್ಚಿದಳು. ಹುಡುಗ ಕನ್ನಡ ಚೆನ್ನಾಗಿಯೇ ಕಲಿತಿದ್ದ, ಅಣ್ಣನ ಚುಚ್ಚುಮಾತಿಗೆ ನಗುವಷ್ಟು. ಅಣ್ಣನಿಗೆ ಅವನ ಮೇಲೆ ಒಳಗೊಳಗೇ ಪ್ರೀತಿ ಹುಟ್ಟಿತ್ತು. ಅದಕ್ಕೇ ಅವನನ್ನು ‘ನಮ್ಮ ಮನೆಯ ಶನಿ’ ಎನ್ನುತ್ತಿದ್ದ. ಆದರೆ ಹುಡುಗನ ತಂದೆಗೆ ಇಂಗ್ಲಿಷ್ ಬಿಟ್ಟು ಬೇರೆ ಬಾರದು. ಹೆಂಡತಿಯನ್ನು ಕಳೆದುಕೊಂಡ ಮನುಷ್ಯ. ಕೆಲಸ ಸೇತುವೆಗಳ ತಪಾಸಣೆ, ಎಲ್ಲಿ ಬಿರುಕು, ಎಲ್ಲಿ ತುಕ್ಕು ಎಂದು ಹುಡುಕುತ್ತಾ ಜೀವನ ಕಳೆದವರು. ಅವರು ಮಾತುಕತೆಗೆ ಮನೆಗೆ ಬರುವುದೆಂದಾಯಿತು.

“ನಾನೇ ಹೇಳ್ತೀನಿ ಅಪ್ಪ, ಅವರೇನಂದ್ರು ಅಂತ,” ಎಂದಳು ಮಗಳು.

“ಪ್ರೀತಿ ಮಾಡಿದೋರ ಬಾಯಲ್ಲಿ ಹಾಗಲಕಾಯೂ ಜೇನಾಗತ್ತೆ,” ಎಂದ ಅಣ್ಣ. “ನೀವಿಬ್ರೂ ತುಟಿ ಬಿಚ್ಚಕೂಡದು. ಪುಟ್ಟಿ ಇದಾಳಲ್ಲ. ಅವಳು ಸ್ವಂತ ಅಣ್ಣನಿಗೂ ಸಕ್ಕರೆ ಹಾಕೋಳಲ್ಲ. ಅವರೇನು ಹೇಳ್ತಾರೋ ಅದೇ ನಂಗೆ ಬೇಕು.”

ಪುಟ್ಟತ್ತೆಗೆ ಹೆಮ್ಮೆಯಾಯಿತು. ಅಣ್ಣನ ಮಗಳಾದ ಸೊಸೆಯನ್ನು ಅವಳು ಎತ್ತಿ ಆಡಿಸಿದವಳು, ಅವಳ ಮದುವೆಯ ಮಾತು ತನ್ನ ಬಾಯಿಂದಲೇ ಹಾಯಬೇಕೆಂದರೆ ಯಾರಿಗೆ ಖುಷಿಯಾಗದು. ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಳು. ಮೇಜಿನ ಬದಿಯಲ್ಲಿ ಕೂತು ಮರದಲ್ಲೊಂದು ಗಂಟು ಹುಡುಕಿ ಕಣ್ಣನ್ನು ಅದರ ಮೇಲೆ ನೆಟ್ಟಳು.

ಬಂದ ಮನುಷ್ಯ ಉದ್ದಕ್ಕೆ, ತೆಳ್ಳಗೆ, ಬಗ್ಗಿದ ಬೆನ್ನಿನವರು. ಅವರಿಗಾಗಿಯೇ ಅಣ್ಣ ತಿಂಗಳಿಂದ ಕೂತು ಒಂದು ಕುರ್ಚಿ ಮಾಡಿದ್ದ. ಒಂದು ಮೊಳೆ ಇಲ್ಲ, ಎಲ್ಲ ಬರೀ ಮರಕ್ಕೆ ಮರ ಕಚ್ಚಿಸಿದ ಸಂದುಗಳು. ಅಪ್ಪನಿಂದ ಕಲಿತ ಕಸುಬು ಅದು. ‘ನಿಮಗಾಗಿ ಮಾಡಿದ್ದು’ ಎಂದು ಹೇಳುವ ಜಾತಿಯವನಲ್ಲ, ಸುಮ್ಮನೆ ಅದರ ಕಡೆ ಕೈ ತೋರಿಸಿದ. ಅವರು ಕೂತರು, ಎದ್ದರು. ಕುರ್ಚಿಯನ್ನು ಬೋರಲು ಹಾಕಿ ಬೆರಳ ಗೆಣ್ಣಿನಿಂದ ಕುಟ್ಟಿದರು, ಒಂದೊಂದೇ ಸಂದನ್ನು ಒತ್ತಿದರು, ಮತ್ತೆ ನೆಟ್ಟಗಿಟ್ಟು ಕೂತರು. ಗಂಟು ನೋಡುತ್ತಿದ್ದ ಪುಟ್ಟತ್ತೆಗೆ ಕೇಳಿಸಿದ್ದು ಟಕ್ ಟಕ್ ಸದ್ದು, ಅದರ ಹಿಂದೆ ಒಂದು ಮಾತು.

“ನಾಟ್ ಬ್ಯಾಡ್.”

ನ್ಯಾಯಾಲಯದಲ್ಲಾಗಿದ್ದರೆ ಅವಳು ಸಾಕ್ಷಿಯ ಬಾಯೇ ಆಗಿ ‘ನಾನು’ ಎಂದು ಹೇಳುತ್ತಿದ್ದಳು, ಕಸುಬಿನ ಕಟ್ಟಳೆ ಅದು. ಮನೆಯಲ್ಲಿ ಅಣ್ಣನ ಎದುರು ಪರಗಂಡಸಿನ ‘ನಾನು’ ಆಗಲು ನಾಚಿಕೆಯಾಯಿತು. ಹಾಗಾಗಿ ಮಾತಿಗೊಂದು ಬಾಲ ಕಟ್ಟಿದಳು.

“ಕೆಟ್ಟದಾಗಿಲ್ಲವಂತೆ.”

ಕನ್ನಡದ ‘ಅಂತೆ’ ಎಷ್ಟು ಚಿಕ್ಕದೋ ಅಷ್ಟೇ ವಿಷ. ಊರವರ ಬಾಯಲ್ಲಿ ಅದು ‘ಹೇಳಿದರು, ನಂಬುವುದು ಬಿಡುವುದು ನಿಮಗೆ ಸೇರಿದ್ದು’ ಎಂದಾಗುತ್ತದೆ. ದನಿ ಸ್ವಲ್ಪ ಜಾರಿದರೆ ‘ಕೇಳಿದಿರಾ ಇವರ ದೌಲತ್ತು’ ಎಂದಾಗುತ್ತದೆ. ಅಣ್ಣನ ಕಿವಿಗೆ ಬಿದ್ದದ್ದು ಎರಡನೆಯದು.

“ಆಹಾ, ಎಂಥ ಔದಾರ್ಯ,” ಎಂದ. “ಈ ಮಾತು ಕೇಳೋಕೆ ಏಳು ಜನ್ಮದ ಪುಣ್ಯ ಮಾಡಿದ್ದೆ ಅಂತ ಹೇಳಮ್ಮ.”

ಪುಟ್ಟತ್ತೆ ಒಂದು ಅಕ್ಷರ ಬಿಡದೆ ಹೇಳಿದಳು. ಔದಾರ್ಯವನ್ನು ಹೇಳಿದಳು, ಏಳು ಜನ್ಮಗಳನ್ನೂ ಪುಣ್ಯವನ್ನೂ ಹೇಳಿದಳು. ಅವಳ ಸಮತಟ್ಟಾದ ದನಿಯಲ್ಲಿ ಅದು ಯಾವುದೋ ಸನ್ಮಾನ ಪತ್ರದಂತೆ ಕೇಳಿಸಿತು. ಹುಡುಗನ ತಂದೆಯ ಕಿವಿಗಳು ಕೆಂಪಗಾದವು. ಏನು ಮಾಡಬೇಕೆಂದು ತಿಳಿಯದೆ ಎದ್ದು ನಿಂತು ಅಣ್ಣನಿಗೆ ತಲೆಬಾಗಿದರು. ಅಣ್ಣನಿಗೆ ಅದೂ ಅಣಕದಂತೆ ಕಂಡಿತು.

ಆಮೇಲೆ ಅಣ್ಣ ಸುತ್ತು ಬಳಸದೆ ಕೇಳಿದ, ಜೀವನದಲ್ಲಿ ಅಪರೂಪಕ್ಕೆ ನೇರವಾಗಿ: “ನಮ್ಮ ಹುಡುಗಿ ನಿಮ್ಮ ಮನೆಗೆ ಒಪ್ಪಿಗೇನಾ?”

ಕೋಣೆಯಲ್ಲಿ ಏನಾಗುತ್ತಿದೆ ಎಂದು ಪುಟ್ಟತ್ತೆ ತಲೆ ಎತ್ತಿ ನೋಡಲಿಲ್ಲ. ಗಂಟಲು ಸರಿಮಾಡಿಕೊಂಡ ಸದ್ದಾಯಿತು.

“ಐ ಸಪೋಸ್ ಸೋ.”

ಇದು ಅವಳ ಹಳೆಯ ಪರಿಚಯ. ಸಾಕ್ಷಿಗಳ ‘ಅನ್ಸತ್ತೆ’ಯ ತಮ್ಮ. ಅದನ್ನು ಒಂದು ಗುಲಗಂಜಿ ಹೆಚ್ಚುಕಡಿಮೆ ಆಗದಂತೆ ಎತ್ತಿ ಇಟ್ಟಳು. “ಇರಬಹುದು ಅಂದ್ಕೋತಾರಂತೆ.”

ಬಾಗಿಲ ಬಳಿ ಸೊಸೆ ‘ಅಯ್ಯೋ’ ಎಂದದ್ದು ಕೇಳಿಸಿತು. ಅಣ್ಣ ಎರಡೂ ಕೈ ಜೋಡಿಸಿದ. “ದೊಡ್ಡ ಮನಸ್ಸು. ಬಡಗಿ ಮಗಳ ಮೇಲೆ ಇಷ್ಟು ಕರುಣೆ ಯಾರು ತೋರಿಸ್ತಾರೆ ಈ ಕಾಲದಲ್ಲಿ.” ಪುಟ್ಟತ್ತೆ ದೊಡ್ಡ ಮನಸ್ಸನ್ನೂ ಕರುಣೆಯನ್ನೂ ಇಂಗ್ಲಿಷಿನಲ್ಲಿ ಒಪ್ಪಿಸಿದಳು. ಅವರು ಮುಜುಗರದಿಂದ ಗಡಿಯಾರ ನೋಡಿಕೊಂಡು, ಚಹಾದ ಕಪ್ಪನ್ನು ಮುಗಿಸಿ, ಮಗನನ್ನು ಕರೆದುಕೊಂಡು ಹೊರಟರು.

ಗಾಡಿ ತಿರುವು ದಾಟುವ ಮುಂಚೆಯೇ ಅಣ್ಣ ತೀರ್ಮಾನ ಮಾಡಿಬಿಟ್ಟ. “ಇರಬಹುದು ಅನ್ನೋರ ಮನೆಗೆ ನಾನು ಮಗಳನ್ನ ಕೊಡಲ್ಲ. ಹೌದು ಅನ್ನಲಿ, ಇಲ್ಲ ಅನ್ನಲಿ. ಇರಬಹುದಂತೆ. ಇವಳೇನು ಆಕಾಶದ ಮೋಡವಾ, ಮಳೆ ಬರಬಹುದು ಅನ್ನೋಕೆ?”

ಮಗಳು ಅಪ್ಪನ ಜೊತೆ ಜಗಳವಾಡಲಿಲ್ಲ. “ನೀನು ಒಪ್ಪದೆ ನಾನು ಹೋಗಲ್ಲ. ಅವನನ್ನ ಬಿಟ್ಟು ಬೇರೆ ಯಾರನ್ನೂ ಆಗೋದೂ ಇಲ್ಲ,” ಎಂದಷ್ಟೇ ಹೇಳಿದಳು. ಆಮೇಲೆ ಅತ್ತೆಯ ಕಡೆ ತಿರುಗಿದಳು. ಕಣ್ಣು ತುಂಬಿತ್ತು. “ಪುಟ್ಟತ್ತೆ, ನೀನು ಒಂದು ಮಾತನ್ನೂ ತಪ್ಪಾಗಿ ಹೇಳಲಿಲ್ಲ. ಆದ್ರೂ ಎಲ್ಲಾನೂ ತಪ್ಪಾಗಿ ಹೇಳ್ದೆ.”

ಈ ಮಾತು ಪುಟ್ಟತ್ತೆಯ ಎದೆಗೆ ನಾಟಿತು. ಬೇರೆ ಯಾರಾದರೂ ಹೇಳಿದ್ದರೆ ಕಟ್ಟಳೆಯ ಪುಸ್ತಕ ತೆರೆದು ತೋರಿಸುತ್ತಿದ್ದಳು.

ಮರುವಾರ ಹುಡುಗ ನ್ಯಾಯಾಲಯದ ಮೊಗಸಾಲೆಗೇ ಬಂದ. ಬೆಂಚಿನ ತುದಿಯಲ್ಲಿ ಕೂತು ಕೈ ಹೊಸಕುತ್ತಾ ಹೇಳಿದ.

“ಅತ್ತೆ, ನಮ್ಮಪ್ಪ ಈಗ ಹಿಂದೇಟು ಹಾಕ್ತಿದಾರೆ. ಹುಡುಗಿ ಬಗ್ಗೆ ಅಲ್ಲ. ಹುಡುಗಿಯ ತಂದೆ ಯಾಕೋ ಹೆಚ್ಚು ಹೊಗಳ್ತಾರೆ ಅಂತಾರೆ. ಅಷ್ಟು ಬೆಣ್ಣೆ ಹಚ್ಚೋರನ್ನ ಕಂಡ್ರೆ ಅವರಿಗೆ ಭಯ. ಬಣ್ಣ ದಪ್ಪಗಿದ್ರೆ ಕೆಳಗೆ ಬಿರುಕು ಇರತ್ತೆ ಅನ್ನೋದು ಅವರ ಕಸುಬಿನ ಮಾತು.”

“ಬೆಣ್ಣೆನಾ? ನಮ್ಮಣ್ಣನಾ?” ಎಂದಳು ಪುಟ್ಟತ್ತೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ಮತ್ತೆ ಆ ಕುರ್ಚಿ. ಮನೆಗೆ ಬಂದಾಗಿಂದ ಅದರದ್ದೇ ಮಾತು. ಊಟಕ್ಕೆ ಕೂತಾಗ ನಮ್ಮನೆ ಕುರ್ಚಿನ ಕೆಳಗಿಂದ ನೋಡಿ ನಿಟ್ಟುಸಿರು ಬಿಡ್ತಾರೆ. ಅವರು ನಾಟ್ ಬ್ಯಾಡ್ ಅಂದದ್ದನ್ನ ನಾನು ನನ್ನ ಜೀವನದಲ್ಲಿ ಬೆರಳೆಣಿಕೆಯಷ್ಟು ಸಲ ಕೇಳಿದೀನಿ. ನಾನು ಪಾಸಾದಾಗ ನಡೆಯತ್ತೆ ಅಂದ್ರು. ಅಮ್ಮ ಹೋದಾಗ, ನೋಡೋಕೆ ಬಂದೋರ ಹತ್ರ, ಆಕೆ ಅಷ್ಟೇನೂ ಕೆಟ್ಟವಳಾಗಿರಲಿಲ್ಲ ಅಂದ್ರು. ಆಮೇಲೆ ಒಂದು ತಿಂಗಳು ಸರಿಯಾಗಿ ಊಟ ಮಾಡಲಿಲ್ಲ.”

ಪುಟ್ಟತ್ತೆಗೆ ಹಿಂದೊಮ್ಮೆ ಇದೇ ಕಟ್ಟಡದಲ್ಲಿ ನಡೆದದ್ದು ನೆನಪಾಯಿತು. ರೋಸಿಹೋದ ಆರೋಪಿಯೊಬ್ಬ ‘ಹೂಂ ಸ್ವಾಮಿ, ಸೈಕಲ್ಲೂ ನಾನೇ ಕದ್ದೆ, ಆಕಾಶದ ಚಂದ್ರನ್ನೂ ನಾನೇ ಕದ್ದೆ’ ಎಂದಿದ್ದ. ಅವಳು ಗಂಟು ನೋಡುತ್ತಾ ತಣ್ಣಗೆ ದಾಟಿಸಿದ್ದಳು. ಸರ್ಕಾರಿ ವಕೀಲರು ‘ಒಪ್ಪಿಕೊಂಡ’ ಎಂದು ಜಿಗಿದೆದ್ದರು. ಅವನನ್ನು ಉಳಿಸಿದ್ದು ನ್ಯಾಯಾಧೀಶರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಅವನ ಮುಖ ನೋಡುತ್ತಿದ್ದರು, ಅಷ್ಟೇ.

ಆ ಸಂಜೆ ಅಣ್ಣನಿಗೆ ವಿವರಿಸಲು ನೋಡಿದಳು. ಚೆನ್ನಾಗಿದೆ ಅನ್ನೋದನ್ನೇ ಅವರು ಕೆಟ್ಟದಾಗಿಲ್ಲ ಅಂತಾರೆ ಎಂದಳು.

“ಹಾಗಾದ್ರೆ ಕೆಟ್ಟದಾಗಿದ್ರೆ ಏನಂತಾರೆ?”

“ಇಂಟರೆಸ್ಟಿಂಗ್ ಅಂತಾರೆ.”

“ಒಳ್ಳೇ ಭಾಷೆ ಕಲ್ತೆ ಬಿಡು,” ಎಂದು ಅಣ್ಣ ಮತ್ತೆ ಮರ ನಯಮಾಡುವ ಉಜ್ಜುಗೊರಡಿಗೆ ಕೈ ಹಾಕಿದ. ನಗೆಹನಿಗೆ ಟಿಪ್ಪಣಿ ಬರೆದರೆ ಯಾರೂ ನಗುವುದಿಲ್ಲ. ಹೊಗಳಿಕೆಗೆ ಟಿಪ್ಪಣಿ ಬರೆದರೂ ಅದೇ ಗತಿ. ಅರ್ಥ ತಲೆಗೆ ಹೋಗುತ್ತದೆ, ಮನಸ್ಸು ಇದ್ದಲ್ಲೇ ಇರುತ್ತದೆ. ಅವರ ಮಾತು ಅಣ್ಣನಿಗೆ ಕನ್ನಡದಲ್ಲೇ ತಟ್ಟಬೇಕಿತ್ತು.

ಮನೆಗೆ ಹೋಗಿ ಪಾತ್ರೆ ತೊಳೆಯುತ್ತಾ ಒಂದೊಂದೇ ಮಾತನ್ನು ಬಾಯಲ್ಲಿ ಹಾಕಿ ನೋಡಿದಳು. ‘ತುಂಬ ಚೆನ್ನಾಗಿದೆ’. ಛೆ, ಇದು ಸೀರೆ ಅಂಗಡಿಯವನ ಮಾತು, ಆ ಮನುಷ್ಯನ ಬಾಯಲ್ಲಿ ಹುಟ್ಟುವುದಲ್ಲ. ‘ಚೆನ್ನಾಗಿದೆ’. ನಿಜ ಹೌದು, ಆದರೆ ಅವರು ಬಿಗಿಹಿಡಿದದ್ದೆಲ್ಲ ಇದರಲ್ಲಿ ಸೋರಿಹೋಯಿತು. ಅವರು ತಗ್ಗಿಸಿ ಹೇಳಿದ್ದನ್ನು ತಾನು ಏರಿಸಿ ಹೇಳಿದರೆ ಅದೂ ಸುಳ್ಳೇ. ‘ತೆಗೆದುಹಾಕೋ ಹಾಗಿಲ್ಲ’. ಹತ್ತಿರ ಬಂತು, ಆದರೆ ಪರೀಕ್ಷೆಗೆ ಅಂಕ ಕೊಟ್ಟಂತಿದೆ. ‘ಪರವಾಗಿಲ್ಲ’ ಎಂದು ನೋಡಿದಳು. ಬಸ್ಸಿನಲ್ಲಿ ಕಾಲು ತುಳಿದವರಿಗೆ ಹೇಳುವ ಮಾತು. ಜ್ವರ ಹೇಗಿದೆ ಎಂದರೂ ಪರವಾಗಿಲ್ಲ. ಕೈಯಲ್ಲಿದ್ದ ಲೋಟವನ್ನು ಬೋರಲು ಹಾಕುತ್ತಾ ಇನ್ನೊಮ್ಮೆ ಹೇಳಿದಳು, ಈ ಸಲ ತಡೆದು, ಮೂಗಿನಲ್ಲೊಂದು ಹ್ಞೂಂಕಾರ ಸೇರಿಸಿ.

ಅದು ಅವಳ ದನಿಯಾಗಿರಲಿಲ್ಲ, ಅಪ್ಪನ ದನಿಯಾಗಿತ್ತು.

ಅಪ್ಪನೂ ಬಡಗಿ. ಅಣ್ಣ ಹುಡುಗನಾಗಿದ್ದಾಗ ಮೊದಲ ಸಲ ಒಂದು ಮಣೆ ಮಾಡಿ ಅಪ್ಪನ ಮುಂದಿಟ್ಟ. ಅಪ್ಪ ಅದನ್ನು ಬೋರಲು ಹಾಕಿ, ಸಂದಿನ ಮೇಲೆ ಹೆಬ್ಬೆರಳು ಎಳೆದು, ಬಾಗಿಲ ಕಡೆ ನೋಡುತ್ತಾ, ‘ಹ್ಞೂಂ... ಪರವಾಗಿಲ್ಲ ಕಣೋ’ ಎಂದಿದ್ದ. ಅಣ್ಣ ಆ ಮಣೆಯನ್ನು ಹೊತ್ತುಕೊಂಡು ಬೀದಿಯ ಮನೆಮನೆಗೂ ಹೋಗಿ ತೋರಿಸಿ ಬಂದಿದ್ದ. ಆಮೇಲೆ ವರ್ಷಗಟ್ಟಲೆ ಅಣ್ಣ ಮಾಡಿದ್ದೆಲ್ಲ ಆ ಒಂದು ಮಾತನ್ನು ಇನ್ನೊಮ್ಮೆ ಕೇಳಲಿಕ್ಕೆ. ಅಪ್ಪನ ಬಾಯಲ್ಲಿ ಅದಕ್ಕಿಂತ ಮೇಲಿನ ಮಾತು ಇರಲೇ ಇಲ್ಲ. ಪುಟ್ಟತ್ತೆ ಒದ್ದೆ ಕೈಯಲ್ಲೇ ಸ್ಟೂಲಿನ ಮೇಲೆ ಕೂತು ಸ್ವಲ್ಪ ಅತ್ತಳು. ತನಗೆ ಆ ಮಾತು ಅಪ್ಪನಿಂದ ಒಮ್ಮೆಯೂ ಸಿಕ್ಕಿರಲಿಲ್ಲ ಎಂಬುದೂ ನೆನಪಾಯಿತು.

ಅಣ್ಣನನ್ನು ಮತ್ತೆ ಕೂರಿಸುವುದು ಸುಲಭವಾಗಿರಲಿಲ್ಲ. ಮಾತುಕತೆ ಎಂದರೆ ಬಾಗಿಲು ಹಾಕುತ್ತಾನೆ. ಪುಟ್ಟತ್ತೆ ಅವನ ದಾರಿಯಲ್ಲೇ ಹೋದಳು.

“ಅವರಿಗೆ ಆ ಕುರ್ಚಿ ಇನ್ನೊಂದ್ಸಲ ನೋಡಬೇಕಂತೆ. ನಾನೇ ಬೇಡ ಅಂದೆ. ನಮ್ಮಣ್ಣ ಪಾಪ, ಯಾರಾದ್ರೂ ಕೆಲಸ ಪರೀಕ್ಷೆ ಮಾಡ್ತಾರೆ ಅಂದ್ರೆ ಹೆದರಿಕೊಳ್ತಾನೆ ಅಂದೆ.”

ಅಣ್ಣ ಉಜ್ಜುಗೊರಡನ್ನು ಕೆಳಗಿಟ್ಟ. “ಬರಕ್ಕೆ ಹೇಳು. ಬೇಕಾದ್ರೆ ಭೂತಕನ್ನಡಿ ತರಲಿ.”

ಭಾನುವಾರ ಅವರು ಬಂದದ್ದು ಮನೆಗಲ್ಲ, ಅಣ್ಣನ ಕೆಲಸದ ಮನೆಗೆ. ಮರದ ಹೊಟ್ಟಿನ ವಾಸನೆ, ಗೋಡೆಯಲ್ಲಿ ಸಾಲಾಗಿ ಉಳಿಗಳು, ನಡುವೆ ಆ ಕುರ್ಚಿ. ಭೂತಕನ್ನಡಿ ತಂದಿರಲಿಲ್ಲ, ಆದರೆ ಟಾರ್ಚೂ ಸಣ್ಣದೊಂದು ಸುತ್ತಿಗೆಯೂ ಜೇಬಿನಲ್ಲಿದ್ದವು. ಹುಡುಗ ಹುಡುಗಿ ಬಾಗಿಲಲ್ಲಿ ನಿಂತರು. ಪುಟ್ಟತ್ತೆ ಈ ಸಲ ಯಾವ ಗಂಟನ್ನೂ ಹುಡುಕಲಿಲ್ಲ. ಇಬ್ಬರು ಅಪ್ಪಂದಿರ ಮುಖವೂ ಕಾಣುವಂತೆ ನಡುವೆ ನಿಂತಳು.

ಅಣ್ಣ ಕೈಕಟ್ಟಿ ನಿಂತು ಶುರುಮಾಡಿದ. “ಬನ್ನಿ ಬನ್ನಿ. ತಮ್ಮ ಪಾದಧೂಳಿಯಿಂದ ಈ ಗುಡಿಸಲು ಪಾವನವಾಯ್ತು.”

ಹಳೆಯ ಪುಟ್ಟತ್ತೆಯಾಗಿದ್ದರೆ ಪಾದವನ್ನೂ ಧೂಳನ್ನೂ ಹೊತ್ತು ಆಚೆ ಇಳಿಸುತ್ತಿದ್ದಳು. ಈಗ ಅವಳಿಗೆ ಒಂದು ವಿಷಯ ಗೊತ್ತಿತ್ತು. ನಮ್ಮಲ್ಲಿ ಚುಚ್ಚುವವನು ಎದುರಿನವನನ್ನು ಅಟ್ಟಕ್ಕೇರಿಸಿ ಚುಚ್ಚುತ್ತಾನೆ. ಈ ಮನುಷ್ಯನ ಮಾತಿನಲ್ಲಿ ಚುಚ್ಚುವುದು ತಗ್ಗಿಸಿ, ಒಣಗಿಸಿ, ತುಟಿ ಅಲುಗದಂತೆ. ಗುಡಿಸಲನ್ನು ಅಲ್ಲೇ ಬಿಟ್ಟು, ಇಂಗ್ಲಿಷಿನಲ್ಲಿ ಎರಡೇ ಎರಡು ಪದ ಹೇಳಿದಳು. ‘ಮತ್ತೆ ಬಂದ್ರಾ’ ಎಂಬಷ್ಟು. ದನಿಯನ್ನು ಕೆಳಕ್ಕೆ ಬಿಟ್ಟು, ಹುಬ್ಬನ್ನು ಮಾತ್ರ ಎತ್ತಿದಳು.

ಟಾರ್ಚು ತೆಗೆಯುತ್ತಿದ್ದ ಅವರ ಕೈ ನಿಂತಿತು. ಅಣ್ಣನ ಕಟ್ಟಿದ ಕೈಗಳನ್ನು ನೋಡಿದರು, ಮುಖ ನೋಡಿದರು. ತುಟಿಯ ಒಂದು ಮೂಲೆ ಕೂದಲೆಳೆಯಷ್ಟು ಮೇಲೆ ಹೋಯಿತು. ಬೇರೆ ಕೆಲಸ ಇರಲಿಲ್ಲ ಎಂದು ಏನೋ ಗೊಣಗಿದರು.

ಪುಟ್ಟತ್ತೆ ಬಾಲ ಕಟ್ಟಲಿಲ್ಲ. ಅವರ ಬಾಯೇ ಆಗಿ ಹೇಳಿದಳು. “ಮನೇಲಿ ನೊಣ ಹೊಡೀತಾ ಕೂತಿದ್ದೆ. ಹಾಗೇ ಬಂದೆ.”

ಅಣ್ಣನ ಹುಬ್ಬು ಮೇಲಕ್ಕೇರಿತು. “ಹಾಗಂದ್ರಾ?” ಎಂದ. ದನಿಯಲ್ಲಿ ಕೋಪಕ್ಕಿಂತ ಕುತೂಹಲ ಹೆಚ್ಚಿತ್ತು.

ಅವರು ಇಂಗ್ಲಿಷಿನಲ್ಲಿ ಮೆಲ್ಲಗೆ ಪುಟ್ಟತ್ತೆಯನ್ನು ಕೇಳಿದರು, ಹೋದ ಸಲದ ಆ ಏಳು ಜನ್ಮದ ಮಾತೂ ಇದೇ ತರಹದ್ದಾಗಿತ್ತೇ ಎಂದು. ಹೌದು, ಅದು ಬೈಗುಳವಾಗಿತ್ತು, ನಾನು ಹೂವಿನ ಹಾರ ಮಾಡಿಬಿಟ್ಟೆ ಎಂದಳು ಪುಟ್ಟತ್ತೆ. ಅವರ ಹೆಗಲು ಸಡಿಲವಾಯಿತು. ಉಸಿರು ಬಿಟ್ಟು ಒಂದು ಮಾತು ಹೇಳಿದರು.

“ಏನಂತೆ?” ಎಂದ ಅಣ್ಣ.

“ಸದ್ಯ, ಬದುಕಿದೆ, ಅಂದ್ರು. ನೀನು ಹೊಗಳ್ತಿದೀಯ ಅಂದ್ಕೊಂಡು ಹೆದರಿದ್ದರು.”

ಅಣ್ಣ ನಗು ತಡೆಯಲು ಮೀಸೆ ತಿಕ್ಕಿಕೊಂಡ. ಆದರೂ ಕೈ ಬಿಚ್ಚಲಿಲ್ಲ. ಕುರ್ಚಿಯ ತೀರ್ಪು ಇನ್ನೂ ಬಂದಿರಲಿಲ್ಲ.

ಅವರು ಹೊಟ್ಟಿನ ಮೇಲೇ ಮೊಣಕಾಲೂರಿದರು. ಕುರ್ಚಿಯ ಕೆಳಗೆ ತಲೆ ತೂರಿಸಿ ಟಾರ್ಚು ಹಾಕಿದರು. ಸುತ್ತಿಗೆಯಿಂದ ಹಗುರಾಗಿ ಕುಟ್ಟಿ ಕಿವಿ ಕೊಟ್ಟರು. ಹಿಂಗಾಲಿನ ಸಂದಿಗೆ ಬಂದಾಗ ಸುತ್ತಿಗೆ ಬದಿಗಿಟ್ಟು, ಹೆಬ್ಬೆರಳನ್ನು ಸಂದಿನ ಗೆರೆಯ ಮೇಲೆ ಎಳೆದರು, ಇನ್ನೊಮ್ಮೆ ಎಳೆದರು. ಸಂದು ಎಲ್ಲಿ ಮುಗಿಯಿತು, ಮರ ಎಲ್ಲಿ ಶುರುವಾಯಿತು ಎಂದು ಬೆರಳಿಗೆ ಸಿಗಲಿಲ್ಲ. ಎದ್ದು ನಿಂತರು. ಅಣ್ಣನ ಮುಖ ನೋಡಲಿಲ್ಲ, ಕಿಟಕಿಯ ಕಡೆ ನೋಡಿದರು. ಕೈ ಮಾತ್ರ ಕುರ್ಚಿಯ ಬೆನ್ನನ್ನು ಬಿಟ್ಟಿರಲಿಲ್ಲ.

“ನಾಟ್ ಬ್ಯಾಡ್,” ಎಂದರು.

ಪುಟ್ಟತ್ತೆ ತಕ್ಷಣ ಬಾಯಿ ತೆರೆಯಲಿಲ್ಲ. ಅವರು ತೆಗೆದುಕೊಂಡಷ್ಟೇ ಹೊತ್ತು ಸುಮ್ಮನಿದ್ದಳು. ಆಮೇಲೆ ಅವಳೂ ಕಿಟಕಿಯ ಕಡೆ ನೋಡುತ್ತಾ ಹೇಳಿದಳು.

“ಹ್ಞೂಂ... ಪರವಾಗಿಲ್ಲ ಕಣೋ.”

ಅಣ್ಣನ ಕೈಗಳು ತಾವಾಗಿ ಬಿಚ್ಚಿಕೊಂಡವು. ಗೋಡೆಯ ಮೇಲೆ ಅಪ್ಪನ ಹಳೆಯ ಉಳಿ ನೇತಾಡುತ್ತಿದ್ದ ಕಡೆ ಒಮ್ಮೆ ನೋಡಿದ, ತಂಗಿಯನ್ನು ನೋಡಿದ.

“ಅವರು ಹಾಗಂದ್ರಾ? ಕಣೋ ಅಂದ್ರಾ?”

“ಕಣೋ ಬಾಯಲ್ಲಿ ಬರಲಿಲ್ಲ ಅಣ್ಣ. ಅವರ ಕೈ ನೋಡು.”

ಅಣ್ಣ ನೋಡಿದ. ಆ ಉದ್ದನೆಯ ಬೆರಳುಗಳು ಇನ್ನೂ ಕುರ್ಚಿಯ ಬೆನ್ನನ್ನು ಸವರುತ್ತಿದ್ದವು, ಮಗುವಿನ ಬೆನ್ನು ಸವರುವ ಹಾಗೆ. ಅಣ್ಣನ ಕಣ್ಣಲ್ಲಿ ನೀರು ಬಂತು. ಅಪ್ಪ ಹೋದ ಮೇಲೆ ಆ ಮಾತು ಕೇಳಿಸುವುದು ಮುಗಿಯಿತು ಎಂದುಕೊಂಡಿದ್ದವನು. ಕಣ್ಣಿಗೆ ಹೊಟ್ಟು ಬಿತ್ತು ಎಂದು ಒರೆಸಿಕೊಂಡ. ಯಾರೂ ಹೊಟ್ಟು ಹಾರಿಸಿರಲಿಲ್ಲ.

ಅಷ್ಟರಲ್ಲಿ ಚಹಾ ತರಲು ಹೋಗಿದ್ದ ಹುಡುಗಿ ತಟ್ಟೆ ಹಿಡಿದು ಒಳಗೆ ಬಂದಳು. ಅಣ್ಣ ಗಂಟಲು ಕೆರೆದುಕೊಂಡು, ಈ ಸಲ ತನ್ನದೇ ಧಾಟಿಯಲ್ಲಿ ಕೇಳಿದ. “ಕೇಳು ಪುಟ್ಟಿ. ಇವಳ ಕಾಟ ತಡ್ಕೊಳ್ಳೋ ಶಕ್ತಿ ಇದೆಯಾ ಇವರಿಗೆ?”

ಪುಟ್ಟತ್ತೆ ಕೇಳಿದಳು. ಕೇಳಿ, ಅವರ ಮೇಲಿಂದ ಕಣ್ಣು ತೆಗೆಯಲಿಲ್ಲ. ಇದೇ ಎಲ್ಲಕ್ಕಿಂತ ಕಷ್ಟದ್ದು ಎಂದು ಅವಳಿಗೆ ಗೊತ್ತಿತ್ತು. ಆ ಮಾತು ಮನಸ್ಸಿಲ್ಲದವರ ಬಾಯಲ್ಲೂ ಬರುತ್ತದೆ, ಮನಸ್ಸು ತುಂಬಿದವರ ಬಾಯಲ್ಲೂ ಬರುತ್ತದೆ. ಸುಳ್ಳು ಹೇಳಿ ಮದುವೆ ಕೂಡಿಸಲು ಅವಳು ಸಿದ್ಧಳಿರಲಿಲ್ಲ. ಅವರು ಹುಡುಗಿಯನ್ನು ನೋಡಿದರು. ಬೆಂಚಿನ ಮೇಲಿದ್ದ ತಮ್ಮ ಟಾರ್ಚನ್ನೂ ಸುತ್ತಿಗೆಯನ್ನೂ ಆಚೆ ಸರಿಸಿ, ತಟ್ಟೆ ಇಡಲು ಜಾಗ ಮಾಡಿದರು. ಸಾಲದೆಂಬಂತೆ ಅಂಗೈಯಿಂದ ಅಲ್ಲಿನ ಹೊಟ್ಟನ್ನೂ ಒರೆಸಿದರು. ಒರೆಸುತ್ತಾ, ತಲೆ ಎತ್ತದೆ, “ಐ ಸಪೋಸ್ ಸೋ,” ಎಂದರು.

ಎಲ್ಲರ ಕಣ್ಣೂ ಪುಟ್ಟತ್ತೆಯ ಮೇಲೆ.

“ಹೂಂ,” ಎಂದಳು ಪುಟ್ಟತ್ತೆ, ಇಲ್ಲದ ಬೇಸರವನ್ನು ದನಿಗೆ ಸ್ವಲ್ಪ ಬಳಿದುಕೊಂಡು. “ಬೇಡ ಅನ್ನೋಕಾಗತ್ತಾ ಮತ್ತೆ.”

ಅಣ್ಣ ನಕ್ಕುಬಿಟ್ಟ. ಹೊಟ್ಟೆ ಹಿಡಿದುಕೊಂಡು ನಕ್ಕ. ಹೆಣ್ಣಿನ ತಂದೆಯ ನಗು ನೋಡಿ ಆ ಮನುಷ್ಯನೂ ಸದ್ದಿಲ್ಲದೆ ಹೆಗಲು ಕುಣಿಸಿದರು. ಸೊಸೆ ತಟ್ಟೆ ಇಟ್ಟು ಬಂದು ಅತ್ತೆಯನ್ನು ತಬ್ಬಿಕೊಂಡಳು, ಬಿಡಲಿಲ್ಲ. ಹುಡುಗ ಬಾಗಿಲು ಬಿಟ್ಟು ಒಳಗೆ ಬಂದ. ಅಣ್ಣ ಅವನ ಕಡೆ ತಿರುಗಿ, “ಶನಿ ಮಹಾರಾಯ, ಇನ್ನು ನಮ್ಮ ಗತಿ ಏನು,” ಎಂದ. ಹುಡುಗನ ಕಣ್ಣು ಒದ್ದೆಯಾದವು. ಅದನ್ನು ಯಾರೂ ಯಾರಿಗೂ ಭಾಷಾಂತರ ಮಾಡಬೇಕಾಗಲಿಲ್ಲ.

ಚಹಾ ಮುಗಿದ ಮೇಲೆ ಇಬ್ಬರು ಅಪ್ಪಂದಿರೂ ಕುರ್ಚಿಯನ್ನು ಬೋರಲು ಹಾಕಿಕೊಂಡು ಕೂತರು. ಒಬ್ಬ ಕನ್ನಡದಲ್ಲಿ, ಇನ್ನೊಬ್ಬ ಇಂಗ್ಲಿಷಿನಲ್ಲಿ, ಸಂದು ತೋರಿಸಿ ಮಾತಾಡುತ್ತಿದ್ದರು. ಪುಟ್ಟತ್ತೆಯನ್ನು ಯಾರೂ ಕರೆಯಲಿಲ್ಲ. ಅವಳು ಚೀಲ ಎತ್ತಿಕೊಂಡು ಹೊರಗೆ ಬಂದಳು.

ಬೀದಿಯ ತಿರುವಿನ ತನಕ ಅಣ್ಣ ಜೊತೆಗೆ ಬಂದ. ಹಾಗೆ ಬರುವವನಲ್ಲ. ದಾರಿಯುದ್ದಕ್ಕೂ ಎಂದಿನಂತೆ ‘ಕೋರ್ಟಮ್ಮ’ ಎಂದು ರೇಗಿಸಲಿಲ್ಲ. ಬಸ್ಸು ಬಂತು. ಅವಳು ಮೆಟ್ಟಿಲಿಗೆ ಕಾಲಿಟ್ಟಾಗ ಅವಳ ಸೀರೆಯ ಸೆರಗಿಗೆ ಅಂಟಿದ್ದ ಹೊಟ್ಟನ್ನು ಹೆಬ್ಬೆರಳಿನಿಂದ ಕೊಡವಿದ. ಬಸ್ಸಿನ ಚಕ್ರದ ಕಡೆ ನೋಡುತ್ತಾ ಹೇಳಿದ.

“ಹ್ಞೂಂ... ಪರವಾಗಿಲ್ಲ ಕಣೇ ಪುಟ್ಟಿ.”

ಬಸ್ಸು ಹೊರಟಿತು. ಪುಟ್ಟತ್ತೆ ಕಿಟಕಿಯ ಪಕ್ಕ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಕ್ಕದ ಸೀಟಿನ ಹೆಂಗಸು ಗಾಬರಿಯಾಗಿ, “ಏನಾಯ್ತಮ್ಮ, ಯಾರಾದ್ರೂ ಏನಾದ್ರೂ ಅಂದ್ರಾ?” ಎಂದು ಕೇಳಿದಳು.

“ಹೂಂ,” ಎಂದಳು ಪುಟ್ಟತ್ತೆ. “ನಮ್ಮಣ್ಣ. ಇಷ್ಟೊಂದು ಹೊಗಳಿದ್ದು ಇದೇ ಮೊದಲು.”